ಗಾಳಿ ಇಳಿದ ಟೈರಿನಲ್ಲಿ ಎರಡು ಕಿಲೋಮೀಟರ್: ಒಂದು ಹಿಂಬದಿ ಚಕ್ರದ ಪ್ರಕರಣ

ಕಾರು ಐದು ಸೀಟಿನ ಸಾಮಾನ್ಯ ಹ್ಯಾಚ್‌ಬ್ಯಾಕ್. ಟೈರಿನ ಅಳತೆ 185/65 ಆರ್15, ಟ್ಯೂಬ್‌ಲೆಸ್, ಟೈರು ಕೂರುವ ಚಕ್ರ ಉಕ್ಕಿನ ಡಿಸ್ಕ್. ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಿದ್ದ ಗಾಳಿ 33 ಪಿಎಸ್‌ಐ. ನಾಲ್ವರು ದೊಡ್ಡವರು, ಡಿಕ್ಕಿಯ ತುಂಬ ಸಾಮಾನು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಶಿರಾ ದಾಟಿ ಹಿರಿಯೂರಿನ ಕಡೆಗೆ ಹೋಗುತ್ತಿದ್ದಾಗ ಎಡಗಡೆಯ ಹಿಂದಿನ ಟೈರಿಗೆ ಮೊಳೆ ಹೊಕ್ಕಿತು. ಬೇಸಿಗೆಯ ಮಧ್ಯಾಹ್ನ, ಕಾದ ರಸ್ತೆ.

ಕಾರಿನ ಹಿಂಭಾಗ ತೇಲಿದಂತೆ, ಸ್ವಲ್ಪ ಓಲಾಡಿದಂತೆ ಆಗುತ್ತಿತ್ತು. ಚಾಲಕರು ಅದನ್ನು ಗಾಳಿಯ ಹೊಡೆತ ಎಂದುಕೊಂಡರು. ಆಮೇಲೆ ದಡಬಡ ಸದ್ದು ಶುರುವಾಯಿತು. ನಿಲ್ಲಿಸಿ ನೋಡಿದರೆ ಟೈರು ಪೂರ್ತಿ ಕುಳಿತಿದೆ. ಸ್ಟೆಪ್ನಿ ತೆಗೆಯಲು ಡಿಕ್ಕಿಯ ಸಾಮಾನನ್ನೆಲ್ಲ ಇಳಿಸಬೇಕು, ಅದರಲ್ಲಿ ಗಾಳಿ ಇದೆಯೋ ಇಲ್ಲವೋ ಎಂಬ ಅನುಮಾನ ಬೇರೆ. ಪಂಕ್ಚರ್ ಅಂಗಡಿ ಮುಂದೆ ಎರಡು ಕಿಲೋಮೀಟರ್‌ನಲ್ಲಿದೆ ಎಂದು ಯಾರೋ ಹೇಳಿದರು. ಇಪ್ಪತ್ತು, ಇಪ್ಪತ್ತೈದರ ವೇಗದಲ್ಲಿ ಮೆಲ್ಲಗೆ ಹೋದರೆ ಏನೂ ಆಗದು ಎಂದು ಹೊರಟರು. ಹೆದ್ದಾರಿಯಿಂದ ಸರ್ವೀಸ್ ರಸ್ತೆಗೆ ಇಳಿಯುವ ಕಡೆ ಒಂದು ಹಂಪ್ ಇತ್ತು, ಅದನ್ನೂ ದಾಟಿದರು.

ಅಂಗಡಿಯವರು ಜಾಕ್ ಕೊಟ್ಟು, ಚಕ್ರವನ್ನು ಬಿಚ್ಚದೆಯೇ ತಿರುಗಿಸಿ ಮೊಳೆ ಹುಡುಕಿದರು. ರಸ್ತೆಗೆ ತಾಗುವ ಟ್ರೆಡ್‌ನ ನಡುವೆ, ಮೂರು ಮಿಲಿಮೀಟರ್ ದಪ್ಪದ ಮೊಳೆ. "ಟ್ರೆಡ್ ಹೊಸದರ ಹಾಗಿದೆ ಸಾರ್, ಸ್ಟ್ರಿಪ್ ಹಾಕಿದ್ರೆ ಸಾಕು" ಎಂದರು. ಹೊರಗಿನಿಂದಲೇ ತೂತಿಗೆ ಅಂಟಿನ ರಬ್ಬರ್ ಸ್ಟ್ರಿಪ್ ತುರುಕಿ, 33ಕ್ಕೆ ಗಾಳಿ ತುಂಬಿ, ಉಗುಳು ಹಚ್ಚಿ ನೋಡಿದರು. ಗುಳ್ಳೆ ಬರಲಿಲ್ಲ. ಹತ್ತು ನಿಮಿಷದಲ್ಲಿ ಕಾರು ಮತ್ತೆ ರಸ್ತೆಯಲ್ಲಿತ್ತು.

ಪಂಕ್ಚರ್ ಕೆಲಸದಲ್ಲಿ ತಪ್ಪೇನೂ ಇರಲಿಲ್ಲ. ಆ ಸ್ಟ್ರಿಪ್ ಕೊನೆಯವರೆಗೂ ಸೋರಲಿಲ್ಲ. ಟೈರು ಹಾಳಾಗಿದ್ದು ಮೊಳೆಯಿಂದ ಅಲ್ಲ, ಆಮೇಲಿನ ಎರಡು ಕಿಲೋಮೀಟರ್‌ನಿಂದ. ಆ ಹಾನಿ ಇದ್ದ ಜಾಗವನ್ನು ಅಂದು ಯಾರೂ ನೋಡಲಿಲ್ಲ.

ನಂತರದ ದಿನಗಳು

ನಾಲ್ಕು ದಿನಕ್ಕೆ ಗಾಳಿ 33ರಿಂದ 27ಕ್ಕೆ ಇಳಿಯಿತು. ಪೆಟ್ರೋಲ್ ಬಂಕ್‌ನಲ್ಲಿ ತುಂಬಿಸಿದರು. ಮತ್ತೆ ಇಳಿಯಿತು, ಮತ್ತೆ ತುಂಬಿಸಿದರು. ಸ್ಟ್ರಿಪ್ ಸ್ವಲ್ಪ ಸೋರುತ್ತಿರಬೇಕು ಎಂದು ಮನೆಯವರ ಊಹೆ. ಎಂಬತ್ತರ ವೇಗದಲ್ಲಿ ಸೀಟಿನ ಕೆಳಗೆ ಸಣ್ಣ ನಡುಕ ಇತ್ತು, ಬ್ಯಾಲೆನ್ಸಿಂಗ್ ಮಾಡಿಸಿದರೆ ಹೋದೀತು ಎಂದು ಮುಂದೂಡಿದರು. ಗಾಳಿ ತುಂಬಿಸಿದಾಗಲೆಲ್ಲ ಸೋರಿಕೆಯ ಸುಳಿವು ಮರೆಯಾಗುತ್ತಿತ್ತು. ಟೈರಿನ ಪಕ್ಕದ ಗೋಡೆಯಾದ, ಮೊದಲೇ ದುರ್ಬಲವಾಗಿದ್ದ ಸೈಡ್‌ವಾಲ್ ನಡುವಿನ ದಿನಗಳಲ್ಲಿ ಕಡಿಮೆ ಗಾಳಿಯಲ್ಲಿ ಓಡಿ ಇನ್ನಷ್ಟು ಬಾಗುತ್ತಿತ್ತು.

ಮೂರನೆಯ ವಾರ ಬ್ಯಾಲೆನ್ಸಿಂಗ್‌ಗೆಂದು ಟೈರ್ ಅಂಗಡಿಗೆ ಹೋದಾಗ ಚಕ್ರ ಬಿಚ್ಚಿದವರ ಕಣ್ಣಿಗೆ ಬಿದ್ದದ್ದು ಉಬ್ಬು. ಅರ್ಧ ನಿಂಬೆಹಣ್ಣಿನಷ್ಟಿತ್ತು. ಅದು ಕಾರಿನ ಒಳಗಡೆಗೆ ಮುಖ ಮಾಡಿದ ಸೈಡ್‌ವಾಲ್‌ನಲ್ಲಿದ್ದುದರಿಂದ ನಿಂತು ನೋಡಿದರೂ ಬಗ್ಗಿ ನೋಡಿದರೂ ಕಾಣುತ್ತಿರಲಿಲ್ಲ. ಹೊರಮುಖದಲ್ಲಿ ಇದ್ದದ್ದು ಇಷ್ಟೇ: ಸೈಡ್‌ವಾಲ್‌ನ ಮೇಲ್ಭಾಗದಲ್ಲಿ ಸುತ್ತಲೂ ಬೆರಳಗಲದ ಒಂದು ಪಟ್ಟಿ, ಅಲ್ಲಿ ರಬ್ಬರ್ ಸವೆದು ನುಣುಪಾಗಿತ್ತು. ಟೈರಿನ ಮೇಲಿನ ಅಕ್ಷರಗಳ ಅಂಚು ಅಷ್ಟು ಭಾಗದಲ್ಲಿ ಅಳಿಸಿದಂತಾಗಿತ್ತು. ಗೊತ್ತಿದ್ದವರಿಗೆ ಆ ಪಟ್ಟಿಯೊಂದೇ ಸಾಕು. ಗಾಳಿ ಇದ್ದ ಟೈರಿನ ಆ ಭಾಗ ರಸ್ತೆಗೆ ತಾಗುವುದೇ ಇಲ್ಲ.

ಎರಡು ಕಿಲೋಮೀಟರ್‌ನಲ್ಲಿ ಒಳಗೆ ನಡೆದದ್ದು

ಕಾರಿನ ಭಾರ ಹೊರುವುದು ಬಹುಪಾಲು ಟೈರಿನೊಳಗಿನ ಗಾಳಿ. ಸೈಡ್‌ವಾಲ್‌ನ ಕೆಲಸ ಆ ಗಾಳಿಯನ್ನು ಹಿಡಿದಿಡುವುದು. ಕಾರಿನ ರೇಡಿಯಲ್ ಟೈರಿನಲ್ಲಿ ಪಾಲಿಯೆಸ್ಟರ್ ದಾರಗಳು ಒಂದು ಬೀಡ್‌ನಿಂದ ಇನ್ನೊಂದು ಬೀಡ್‌ಗೆ ಅಡ್ಡಡ್ಡಲಾಗಿ ಹೋಗುತ್ತವೆ. ಬೀಡ್ ಎಂದರೆ ಡಿಸ್ಕ್‌ನ ಹೊರಬಳೆಯಾದ ರಿಮ್‌ಗೆ ಕಚ್ಚಿ ಕೂರುವ, ಒಳಗೆ ಉಕ್ಕಿನ ತಂತಿಯಿರುವ ಅಂಚು. ಟ್ರೆಡ್‌ನ ಕೆಳಗೆ ಉಕ್ಕಿನ ಪಟ್ಟಿಗಳಿವೆ, ಸೈಡ್‌ವಾಲ್‌ನಲ್ಲಿ ಇಲ್ಲ. ಅಲ್ಲಿರುವುದು ಒಂದೋ ಎರಡೋ ಪದರ ದಾರ, ಅದರ ಮೇಲೆ ರಬ್ಬರ್, ಒಳಗೆ ಗಾಳಿ ಸೋರದಂತೆ ತಡೆಯುವ ಬ್ಯೂಟೈಲ್ ರಬ್ಬರಿನ ತೆಳು ಪದರ. ಗಾಳಿ ತುಂಬಿದಾಗ ಈ ದಾರಗಳು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಎಳೆತಕ್ಕೆ ಅವು ಬಹಳ ಗಟ್ಟಿ, ಒತ್ತಿ ಮಡಿಸುವುದಕ್ಕೆ ಅಲ್ಲ.

ಈ ಟೈರಿನ ಸೈಡ್‌ವಾಲ್‌ನ ಎತ್ತರ ಸುಮಾರು 120 ಮಿಲಿಮೀಟರ್, ಅಂದರೆ 185ರ ನೂರಕ್ಕೆ 65 ಭಾಗ. ಗಾಳಿ ಪೂರ್ತಿ ಹೋದ ಮೇಲೆ ಸುಮಾರು ಮುನ್ನೂರು ಕೆಜಿ ಭಾರ ರಿಮ್‌ನ ಅಂಚಿನ ಮೂಲಕ ಈ ರಬ್ಬರಿನ ಮೇಲೆ ಕೂರುತ್ತದೆ. ಸೈಡ್‌ವಾಲ್ ಎರಡಾಗಿ ಮಡಿಚಿ, ಮೇಲಿನಿಂದ ರಿಮ್‌ನ ಅಂಚು, ಕೆಳಗಿನಿಂದ ರಸ್ತೆ, ನಡುವೆ ಮಡಿಕೆ. ಈ ಅಳತೆಯ ಟೈರು ಕಿಲೋಮೀಟರಿಗೆ ಸುಮಾರು 520 ಸುತ್ತು ತಿರುಗುತ್ತದೆ. ಎರಡು ಕಿಲೋಮೀಟರ್‌ಗೆ ಸಾವಿರ ಸುತ್ತು ದಾಟಿತು. ಅಂದರೆ ಸೈಡ್‌ವಾಲ್‌ನ ಪ್ರತಿಯೊಂದು ತುಣುಕೂ ಸಾವಿರಕ್ಕೂ ಹೆಚ್ಚು ಸಲ, ಮುನ್ನೂರು ಕೆಜಿ ಭಾರದಡಿ, ಅದೇ ಗೆರೆಯಲ್ಲಿ ಮಡಿಚಿ ಬಿಚ್ಚಿಕೊಂಡಿತು. "ಎರಡೇ ಕಿಲೋಮೀಟರ್" ಎಂಬುದು ರಸ್ತೆಯ ಲೆಕ್ಕ. ಟೈರಿಗೆ ಲೆಕ್ಕ ಸಿಗುವುದು ಮಡಿಕೆಗಳಲ್ಲಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಸೀರೆ ಆ ಗೆರೆಯಲ್ಲೇ ಹರಿಯುವಂತೆ, ದಾರಗಳೂ ಮಡಿಕೆಯ ಗೆರೆಯಲ್ಲೇ ಒಂದೊಂದಾಗಿ ಸೋಲುತ್ತವೆ.

ಇದರ ಜತೆಗೆ ಶಾಖ. ರಬ್ಬರನ್ನು ಬಾಗಿಸಿ ಬಿಟ್ಟಾಗ ಹಾಕಿದ ಶಕ್ತಿಯೆಲ್ಲ ವಾಪಸು ಬರುವುದಿಲ್ಲ, ಒಂದು ಪಾಲು ಬಿಸಿಯಾಗಿ ಅಲ್ಲೇ ಉಳಿಯುತ್ತದೆ. ಬಾಗುವಿಕೆ ಹೆಚ್ಚಿದಷ್ಟೂ ಬಿಸಿ ಹೆಚ್ಚು. ದಾರಕ್ಕೂ ರಬ್ಬರಿಗೂ ಇರುವ ಅಂಟು ಈ ಬಿಸಿಯಲ್ಲಿ ಸಡಿಲವಾಗುತ್ತದೆ. ಮಡಿಕೆಯ ಒಳಗಡೆ ಬ್ಯೂಟೈಲ್ ಪದರ ತನ್ನನ್ನೇ ತಾನು ಉಜ್ಜಿಕೊಂಡು ಪುಡಿಯಾಗುತ್ತದೆ. ಮೆಲ್ಲಗೆ ಹೋದರೆ ಬಿಸಿ ಕಡಿಮೆಯಾಗುವುದು ನಿಜ, ಆದರೆ ಮಡಿಕೆಗಳ ಸಂಖ್ಯೆ ಒಂದೂ ಕಡಿಮೆಯಾಗುವುದಿಲ್ಲ. ನಿಧಾನವಾಗಿ ಓಡಿಸಿದರೆ ಟೈರು ಉಳಿಯುತ್ತದೆ ಎಂಬ ನಂಬಿಕೆ ಇಲ್ಲೇ ತಪ್ಪುತ್ತದೆ.

ಇನ್ನೊಂದು ಮಾತನ್ನು ಈ ಪ್ರಕರಣದಲ್ಲಿ ಮರೆಯಬಾರದು. ಚಾಲಕರು ಹೇಳುವ ಎರಡು ಕಿಲೋಮೀಟರ್ ಅವರಿಗೆ ಗೊತ್ತಾದ ಮೇಲಿನದ್ದು. ಮುಂದಿನ ಟೈರಿನ ಗಾಳಿ ಇಳಿದರೆ ಸ್ಟಿಯರಿಂಗ್ ಆ ಕಡೆಗೆ ಎಳೆದು ತಕ್ಷಣ ತಿಳಿಸುತ್ತದೆ. ಹಿಂದಿನದಾದರೆ ಸ್ಟಿಯರಿಂಗ್ ನೆಟ್ಟಗೇ ಇರುತ್ತದೆ, ಓಲಾಟ ಮಾತ್ರ ಬರುತ್ತದೆ. ಆ ಓಲಾಟ ಶುರುವಾದಾಗಲೇ ಟೈರಿನಲ್ಲಿ ಗಾಳಿ ತೀರ ಕಡಿಮೆಯಾಗಿತ್ತು, ಕಾರು ಹೆದ್ದಾರಿಯ ವೇಗದಲ್ಲಿತ್ತು. ಹೆಚ್ಚಿನ ಶಾಖ ಹುಟ್ಟಿದ್ದು ಬಹುಶಃ ಆಗ. ಹೀಗಾಗಿ "ಎಷ್ಟು ದೂರ ಓಡಿಸಿದಿರಿ" ಎಂಬ ಪ್ರಶ್ನೆಗೆ ಸಿಗುವ ಉತ್ತರವನ್ನು ನಂಬಿ ಟೈರಿನ ಗತಿ ತೀರ್ಮಾನಿಸುವುದು ಸರಿಯಲ್ಲ. ಟೈರನ್ನು ರಿಮ್‌ನಿಂದ ಕಳಚಿ ಒಳಗೆ ನೋಡಬೇಕು.

ಕಳಚಿ ನೋಡಿದಾಗ

ಬಿಚ್ಚುವ ಮೊದಲು ವಾಲ್ವ್ ಇರುವ ಜಾಗಕ್ಕೆ ಎದುರಾಗಿ ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿದರು. ಆಮೇಲೆ ರಿಮ್‌ನಲ್ಲಿ ಸಿಕ್ಕ ದೋಷ ಟೈರಿನ ಯಾವ ಜಾಗಕ್ಕೆ ಹೊಂದುತ್ತದೆ ಎಂದು ತಾಳೆ ನೋಡಲು ಈ ಗುರುತು ಬೇಕೇಬೇಕು. ಅನಂತರ ಸೋಪಿನ ನೀರನ್ನು ಮೂರು ಕಡೆ ಬಿಟ್ಟರು: ಸ್ಟ್ರಿಪ್ ಹಾಕಿದ ಜಾಗ, ವಾಲ್ವ್‌ನ ಬುಡ, ಎರಡೂ ಬದಿಯಲ್ಲಿ ಟೈರು ರಿಮ್‌ಗೆ ಸೇರುವ ಸಂದು. ಸ್ಟ್ರಿಪ್ ಒಣಗಿದಂತೆಯೇ ಇತ್ತು. ಒಳಬದಿಯ ಸಂದಿಯಲ್ಲಿ ಒಂದು ಕಡೆ ಮಾತ್ರ ನಿಧಾನಕ್ಕೆ ನೊರೆ ಎದ್ದಿತು. ವಾರಗಳಿಂದ ಸ್ಟ್ರಿಪ್‌ನ ಮೇಲಿದ್ದ ಅಪವಾದ ಅಲ್ಲಿಗೆ ಮುಗಿಯಿತು.

ಗಾಳಿ ಪೂರ್ತಿ ತೆಗೆದು, ಯಂತ್ರದಲ್ಲಿ ಟೈರು ಕಳಚಿ ಒರಗಿಸಿದಾಗ ಒಳಗಿಂದ ಕಪ್ಪು ಪುಡಿ ಸುರಿಯಿತು. ಅರ್ಧ ಹಿಡಿಯಷ್ಟು, ಕೆಲವು ಕಾಳುಗಳು ಸಾಸಿವೆಯ ಗಾತ್ರ. ಗಾಳಿ ಸರಿಯಾಗಿದ್ದ ಟ್ಯೂಬ್‌ಲೆಸ್ ಟೈರಿನೊಳಗೆ ಇಂಥ ಪುಡಿ ಇರುವುದಿಲ್ಲ. ಟೈರು ಗಾಳಿಯಿಲ್ಲದೆ ಓಡಿದೆ ಎನ್ನುವುದಕ್ಕೆ ಇದು ನೇರ ಸಾಕ್ಷಿ. ದೀಪ ಹಿಡಿದು ನೋಡಿದರೆ ಎರಡೂ ಸೈಡ್‌ವಾಲ್‌ಗಳ ಒಳಗೆ, ಟ್ರೆಡ್‌ಗೆ ಸೇರುವ ಭುಜದ ಸ್ವಲ್ಪ ಕೆಳಗೆ, ಸುತ್ತಲೂ ಎರಡು ಸೆಂಟಿಮೀಟರ್ ಅಗಲದ ಉಜ್ಜಿದ ಪಟ್ಟಿ. ಅದರೊಳಗೆ ಸಣ್ಣ ಸುಕ್ಕುಗಳು. ಉಬ್ಬು ಇದ್ದ ಜಾಗದ ಹಿಂದೆ ಬ್ಯೂಟೈಲ್ ಪದರ ಹರಿದು ದಾರಗಳ ತುದಿ ನೂಲಿನಂತೆ ಹೊರಗೆ ಬಂದಿದ್ದವು. ಕೈಯಿಂದ ಸೈಡ್‌ವಾಲ್ ಒತ್ತಿ ಬಾಗಿಸಿದರೆ ಆ ಸುತ್ತಿನಲ್ಲಿ ಮೆತ್ತಗೆ, ಅದರ ಕೆಳಗೆ ಎಂದಿನಂತೆ ಬಿಗಿ. ಪಕ್ಕದ ಟೈರನ್ನು ಒತ್ತಿ ಹೋಲಿಸಿದಾಗ ವ್ಯತ್ಯಾಸ ಬೆರಳಿಗೇ ತಿಳಿಯುತ್ತಿತ್ತು.

ಉಬ್ಬಿನ ವಿಷಯದಲ್ಲಿ ಗೊಂದಲ ಆಗುವುದುಂಟು. ಸೈಡ್‌ವಾಲ್‌ನಲ್ಲಿ ಬೀಡ್‌ನಿಂದ ಭುಜದವರೆಗೆ ಅಡ್ಡಲಾಗಿ ಸಣ್ಣ ತಗ್ಗು ಕಂಡರೆ ಅದು ದಾರದ ಪದರ ಒಂದರ ಮೇಲೊಂದು ಸೇರುವ ಜಾಗ, ಹೊಸ ಟೈರಿನಲ್ಲೂ ಇರುತ್ತದೆ, ಭಯವಿಲ್ಲ. ಹೊರಗೆ ಉಬ್ಬಿದ್ದರೆ ಮಾತ್ರ ಆ ಜಾಗದಲ್ಲಿ ದಾರ ಕಡಿದಿದೆ, ಗಾಳಿಯನ್ನು ಬರೀ ರಬ್ಬರು ತಡೆದು ನಿಂತಿದೆ ಎಂದರ್ಥ. ಈ ಉಬ್ಬು ಅಂದೇ ಬರದೆ ಎರಡು ಮೂರು ವಾರದ ಮೇಲೆ ಬಂದದ್ದೂ ಅಸಹಜವಲ್ಲ. ಮೊದಲ ದಿನ ಕೆಲವು ದಾರಗಳು ಕಡಿದು, ಉಳಿದವು ಅರೆಜೀವವಾಗಿದ್ದವು. ಆಮೇಲಿನ ಪ್ರತಿ ಗುಂಡಿ, ಪ್ರತಿ ಬಿಸಿಲ ಓಟ ಒಂದಷ್ಟನ್ನು ಕಡಿಯಿತು. ಇನ್ನಷ್ಟು ದಿನ ಬಿಟ್ಟಿದ್ದರೆ ಆ ಜಾಗ ಓಟದಲ್ಲೇ ಒಡೆಯುತ್ತಿತ್ತು. ಹಿಂದಿನ ಟೈರು ವೇಗದಲ್ಲಿ ಒಡೆದರೆ ಕಾರಿನ ಹಿಂಭಾಗ ಪಕ್ಕಕ್ಕೆ ಹೊರಳುತ್ತದೆ, ಸ್ಟಿಯರಿಂಗ್‌ನಿಂದ ಅದನ್ನು ಹಿಡಿಯುವುದು ಬಹಳ ಕಷ್ಟ.

ರಿಮ್‌ನಲ್ಲಿ ಸಿಕ್ಕಿದ್ದು

ರಿಮ್‌ನ ಹೊರಮುಖದಲ್ಲಿ ಎರಡು ಗೀಚು ಬಿಟ್ಟರೆ ಏನೂ ಇರಲಿಲ್ಲ, ಮೇಲೆ ವೀಲ್ ಕವರ್ ಬೇರೆ. ಒಳ ಅಂಚು ಮಾತ್ರ ಆರೇಳು ಸೆಂಟಿಮೀಟರ್ ಉದ್ದಕ್ಕೆ ಎರಡು ಮಿಲಿಮೀಟರ್‌ಗಿಂತ ಹೆಚ್ಚು ಒಳಗೆ ಬಾಗಿತ್ತು. ಸೋಪಿನ ನೊರೆ ಬಂದ ಜಾಗವೂ ಅದೇ. ಸೀಮೆಸುಣ್ಣದ ಗುರುತು ಹಿಡಿದು ತಾಳೆ ಹಾಕಿದಾಗ ಉಬ್ಬು ಇದ್ದದ್ದೂ ಅದರ ನೇರಕ್ಕೇ. ಅಂದರೆ ಹಂಪ್ ದಾಟುವಾಗ ರಿಮ್‌ನ ಅಂಚು ಮಡಿಚಿದ್ದ ರಬ್ಬರಿನ ಮೂಲಕ ರಸ್ತೆಗೆ ಬಡಿಯಿತು, ಆ ಒಂದು ಪೆಟ್ಟಿಗೆ ಅಂಚೂ ಬಾಗಿತು, ನಡುವೆ ಸಿಕ್ಕ ದಾರಗಳೂ ಕಡಿದವು. ಸುತ್ತಲಿನ ಪಟ್ಟಿ ಮಡಿಕೆಯಿಂದ ಆದದ್ದು, ಉಬ್ಬು ಮಡಿಕೆಗೆ ಪೆಟ್ಟೂ ಸೇರಿ ಆದದ್ದು.

ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ತಡೆಯುವುದು ಬೀಡ್ ಮತ್ತು ರಿಮ್ ಒತ್ತಿಕೊಂಡಿರುವ ಕಿರಿದಾದ ಪಟ್ಟಿ. ರಿಮ್‌ನ ಈ ಕೂರುವ ಪಟ್ಟಿ ಸ್ವಲ್ಪ ಇಳಿಜಾರಾಗಿರುತ್ತದೆ, ಒಳಗಡೆ ಸಣ್ಣ ದಿಬ್ಬವೂ ಇರುತ್ತದೆ, ಬೀಡ್ ಜಾರಿ ರಿಮ್‌ನ ನಡುವಿನ ತಗ್ಗಿಗೆ ಬೀಳದಿರಲೆಂದು. ಅಂಚು ಬಾಗಿದಾಗ ಅದರ ಪಕ್ಕದ ಪಟ್ಟಿಯೂ ಸ್ವಲ್ಪ ಚಪ್ಪಟೆಯಾಗಿತ್ತು. ಕೂದಲೆಳೆಯ ಸಂದು ಸಾಕು, ಗಾಳಿ ದಿನಕ್ಕೆ ಒಂದೂವರೆ ಪಿಎಸ್‌ಐಯಂತೆ ಇಳಿಯುತ್ತದೆ.

ತಂತಿ ಬ್ರಷ್‌ನಿಂದ ತುಕ್ಕು, ಹಳೆಯ ರಬ್ಬರು ತೆಗೆದು ರಿಮ್‌ನ್ನು ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿ, ಸಣ್ಣ ಏರಿಳಿತವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಹಿಡಿದಾಗ ಒಳ ಅಂಚಿನ ಅಡ್ಡ ಓಲಾಟ 2.4 ಮಿಲಿಮೀಟರ್ ಬಂತು. ಇದಕ್ಕೆ ಒಪ್ಪುವ ಮಿತಿ ಆಯಾ ಕಾರಿನ ಸರ್ವೀಸ್ ಕೈಪಿಡಿಯಲ್ಲಿರುತ್ತದೆ, ಸಾಮಾನ್ಯವಾಗಿ ಒಂದು ಮಿಲಿಮೀಟರ್‌ನ ಆಸುಪಾಸು. ಸೀಟಿನ ಕೆಳಗಿನ ನಡುಕಕ್ಕೆ ಇದೂ ಒಂದು ಕಾರಣ. ತೂಕದ ತುಂಡು ಅಂಟಿಸಿ ಬ್ಯಾಲೆನ್ಸ್ ಮಾಡಿದ್ದರೆ ಯಂತ್ರ ಸೊನ್ನೆ ತೋರಿಸುತ್ತಿತ್ತು, ಓಲಾಟ ಹಾಗೇ ಉಳಿಯುತ್ತಿತ್ತು.

ಡಯಲ್ ಗೇಜ್ ಇಲ್ಲದ ಅಂಗಡಿಯಲ್ಲೂ ಇದನ್ನು ಕಾಣಬಹುದು. ರಿಮ್‌ನ್ನು ನಿಧಾನಕ್ಕೆ ತಿರುಗಿಸುತ್ತ ಅಂಚಿನ ಪಕ್ಕ ಒಂದು ಸ್ಕ್ರೂಡ್ರೈವರ್‌ನ ತುದಿಯನ್ನು ಅಲುಗದಂತೆ ಹಿಡಿದರೆ ಸಂದು ಹಿಗ್ಗುವುದು, ಕುಗ್ಗುವುದು ಕಣ್ಣಿಗೆ ತಿಳಿಯುತ್ತದೆ. ಅಲಾಯ್ ವೀಲ್ ಆಗಿದ್ದರೆ ಇನ್ನೂ ಎಚ್ಚರ ಬೇಕು. ಉಕ್ಕು ಬಾಗುತ್ತದೆ, ಅಲಾಯ್ ಬಾಗುವುದರ ಜತೆಗೆ ಬಿರುಕನ್ನೂ ಬಿಡುತ್ತದೆ. ಬಿರುಕು ಹೆಚ್ಚಾಗಿ ಒಳ ಅಂಚಿನಲ್ಲಿ, ಬಣ್ಣದ ಕೆಳಗೆ ಕೂದಲಿನಷ್ಟು ತೆಳುವಾಗಿರುತ್ತದೆ. ಬಿರುಕಿದ್ದ ಅಲಾಯ್‌ಗೆ ವೆಲ್ಡಿಂಗ್ ಮಾಡಿಸಿ ಮತ್ತೆ ಓಡಿಸುವುದನ್ನು ಒಪ್ಪಲಾಗದು.

ಏನು ಮಾಡಿದರು, ಏನು ಮಾಡಲಿಲ್ಲ

ಟ್ರೆಡ್ ಆರು ಮಿಲಿಮೀಟರ್ ಉಳಿದಿತ್ತು. ಕಾನೂನಿನ ಮಿತಿ 1.6 ಮಿಲಿಮೀಟರ್. ಟೈರ್ ಬಿಸಾಡಲು ಮಾಲೀಕರಿಗೆ ಮನಸ್ಸಾಗದಿದ್ದುದು ಸಹಜ. ಟ್ಯೂಬ್ ಹಾಕಿ ಓಡಿಸಬಹುದಲ್ಲ ಎಂದು ಕೇಳಿದರು. ನಮ್ಮಲ್ಲಿ ಬಹಳ ಕಡೆ ಇದೇ ಮಾಡುತ್ತಾರೆ, ಅದಕ್ಕೇ ಇದರ ಬಗ್ಗೆ ಬಿಡಿಸಿ ಹೇಳಬೇಕು. ಟ್ಯೂಬ್ ಗಾಳಿಯನ್ನು ಹಿಡಿಯುತ್ತದೆ, ಭಾರವನ್ನಲ್ಲ. ಒತ್ತಡ ಹೊರಬೇಕಾದದ್ದು ಅದೇ ಕಡಿದ ದಾರಗಳೇ. ಉಬ್ಬಿನ ಜಾಗದಲ್ಲಿ ಟ್ಯೂಬ್ ಹೊರಕ್ಕೆ ತಳ್ಳುತ್ತದೆ, ಒರಟಾದ ಒಳಮೈ ಅದನ್ನು ಉಜ್ಜುತ್ತದೆ. ಟ್ಯೂಬ್ ಒಡೆದರೆ ಗಾಳಿ ಒಮ್ಮೆಲೇ ಹೋಗುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಇದ್ದ, ನಿಧಾನಕ್ಕೆ ಸೋರುವ ಒಂದೇ ಅನುಕೂಲವೂ ಇದರಿಂದ ಕೈತಪ್ಪುತ್ತದೆ. ಒಳಗಿಂದ ಗೈಟರ್ ಎಂಬ ದಪ್ಪ ತೇಪೆ ಅಂಟಿಸುವುದೂ, ಸೈಡ್‌ವಾಲ್‌ಗೆ ಬಿಸಿ ಪ್ಯಾಚ್ ಹಾಕಿಸುವುದೂ ಕಾರಿನ ಟೈರಿಗೆ ಪರಿಹಾರವಲ್ಲ. ಕಾರಿನ ಟೈರಿನಲ್ಲಿ ರಿಪೇರಿಗೆ ಅರ್ಹವಾದದ್ದು ಟ್ರೆಡ್‌ನ ಭಾಗ ಮಾತ್ರ, ಅದೂ ಆರು ಮಿಲಿಮೀಟರ್‌ವರೆಗಿನ ತೂತು. ಅದಕ್ಕೂ ಟೈರನ್ನು ಕಳಚಿ, ಒಳಗಿಂದ ಮಶ್ರೂಮ್ ಪ್ಯಾಚ್, ಅಂದರೆ ತೂತು ತುಂಬುವ ಕಾಂಡವೂ ಒಳಮೈಗೆ ಅಂಟುವ ತೇಪೆಯೂ ಒಂದೇ ಆಗಿರುವಂಥದ್ದು, ಹಾಕುವುದು ಸರಿಯಾದ ಕ್ರಮ.

ಟೈರನ್ನು ತೆಗೆದುಹಾಕಿದರು. ಬೀಡ್ ಕತ್ತರಿಸಿಯೇ ಹಾಕಿದರು, ಏಕೆಂದರೆ ಟ್ರೆಡ್ ಚೆನ್ನಾಗಿರುವ ಇಂಥ ಟೈರು ತೊಳೆದು ಪಾಲಿಶ್ ಮಾಡಿಸಿಕೊಂಡು ಸೆಕೆಂಡ್ ಹ್ಯಾಂಡ್ ಅಂಗಡಿ ಸೇರುತ್ತದೆ. ಹಳೆಯ ಟೈರು ಕೊಳ್ಳುವವರು ಟ್ರೆಡ್ ನೋಡುವ ಮೊದಲು ಒಳಗೆ ಕೈಹಾಕಿ ಭುಜದ ಸುತ್ತು ಸವರಿ ನೋಡಬೇಕು. ಒರಟಾದ ಪಟ್ಟಿ ಸಿಕ್ಕರೆ ಅಲ್ಲಿಗೇ ಬಿಡಬೇಕು.

ಡಿಸ್ಕ್‌ನ ವಿಷಯದಲ್ಲಿ ಎರಡು ದಾರಿಯಿತ್ತು. ಅಂಚು ಮಾತ್ರ ಸ್ವಲ್ಪ ಬಾಗಿದ್ದರೆ ಉಕ್ಕಿನ ಡಿಸ್ಕ್‌ನ ಬೆಂಡ್ ತೆಗೆಸಬಹುದು, ಬಿಸಿ ಮಾಡದೆ, ಯಂತ್ರದಲ್ಲಿ ಒತ್ತಿ, ಆಮೇಲೆ ಓಲಾಟ ಅಳೆದು. ಇಲ್ಲಿ ಬೀಡ್ ಕೂರುವ ಪಟ್ಟಿಯೂ ಚಪ್ಪಟೆಯಾಗಿದ್ದರಿಂದ ಡಿಸ್ಕ್ ಬದಲಿಸಿದರು. ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡುವುದು ಎಲ್ಲೆಡೆ ಕಾಣುವ ಕೆಲಸ. ಅಂಚು ನೆಟ್ಟಗಾದಂತೆ ಕಾಣುತ್ತದೆ, ಪಟ್ಟಿಯಲ್ಲಿ ಹೊಸ ತಗ್ಗು ಬೀಳುತ್ತದೆ, ಸೋರಿಕೆ ಜಾಗ ಬದಲಿಸುತ್ತದೆ.

ಹೊಸ ಟೈರು ಒಂದೇ ಬಂದಾಗ ಜತೆಗೆ ಯಾವುದನ್ನು ಹಾಕುವುದು ಎಂಬ ಪ್ರಶ್ನೆ ಬರುತ್ತದೆ. ಈ ಕಾರಿನ ಸ್ಟೆಪ್ನಿ ಅದೇ ಅಳತೆಯದ್ದು, ಓಡದೆ ಉಳಿದಿತ್ತು. ಸೈಡ್‌ವಾಲ್‌ನ ಮೇಲೆ ತಯಾರಿಕೆಯ ವಾರ, ವರ್ಷ ಹೇಳುವ ನಾಲ್ಕಂಕಿ ನೋಡಿ ಹಳೆಯದಲ್ಲ ಎಂದು ಖಚಿತಪಡಿಸಿಕೊಂಡು, ಅದನ್ನೂ ಹೊಸದನ್ನೂ ಹಿಂದಿನ ಎರಡು ಚಕ್ರಕ್ಕೆ ಜೋಡಿಯಾಗಿ ಹಾಕಿದರು. ಹಿಂದೆ ಇದ್ದ ಒಳ್ಳೆಯ ಟೈರು ಸ್ಟೆಪ್ನಿಯಾಯಿತು. ಈಗಿನ ಹಲವು ಕಾರುಗಳಲ್ಲಿ ಸ್ಟೆಪ್ನಿ ಚಿಕ್ಕ ಅಳತೆಯದ್ದು, ವೇಗದ ಮಿತಿ ಬರೆದಿರುವಂಥದ್ದು. ಅದನ್ನು ಹೀಗೆ ಜೋಡಿ ಮಾಡುವಂತಿಲ್ಲ.

ರಸ್ತೆ ಬದಿಯಲ್ಲಿ ಬೇರೆ ಏನು ಮಾಡಬಹುದಿತ್ತು

ಓಲಾಟ ತಿಳಿದ ಕೂಡಲೇ ಬ್ರೇಕ್ ಜೋರಾಗಿ ಒತ್ತದೆ, ಆಕ್ಸಿಲರೇಟರ್ ಬಿಟ್ಟು, ನೆಟ್ಟಗೆ ಎಡಬದಿಗೆ ಇಳಿದು ನಿಲ್ಲಿಸಬೇಕಿತ್ತು. ನಿಂತ ಜಾಗ ಅಪಾಯದ್ದಾಗಿದ್ದರೆ ನಡಿಗೆಯ ವೇಗದಲ್ಲಿ ಕೆಲವು ಮೀಟರ್ ಮುಂದಕ್ಕೆ ಹೋಗುವುದು ಸರಿಯೇ. ಜೀವದ ಮುಂದೆ ಟೈರು ಹೋದರೂ ಚಿಂತೆಯಿಲ್ಲ. ಆದರೆ ತಿರುವು, ಹಂಪ್, ರಸ್ತೆಯ ಅಂಚು ದಾಟಬಾರದು. ತಿರುವಿನಲ್ಲಿ ಬೀಡ್ ತನ್ನ ದಿಬ್ಬ ದಾಟಿ ರಿಮ್‌ನ ತಗ್ಗಿಗೆ ಬೀಳುತ್ತದೆ, ಆಮೇಲೆ ರಿಮ್ ಬರೀ ರಸ್ತೆಯ ಮೇಲೆ.

ಸಾಮಾನು ಇಳಿಸಿ ಸ್ಟೆಪ್ನಿ ಹಾಕಲು ಅರ್ಧ ಗಂಟೆ ಸಾಕಿತ್ತು. ಸ್ಟೆಪ್ನಿಯ ಗಾಳಿಯ ಅನುಮಾನಕ್ಕೆ ಔಷಧ ಕಾರಿನ 12 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸುವ ಸಣ್ಣ ಪಂಪ್. ಇದು ಸ್ಟೆಪ್ನಿ ಇಲ್ಲದ ಕಾರುಗಳಿಗೆ ಇನ್ನೂ ಮುಖ್ಯ. ಟೈರಿನ ಒತ್ತಡ ತೋರಿಸುವ ವ್ಯವಸ್ಥೆಯೂ ರಿಪೇರಿ ಕಿಟ್ಟೂ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂದ ಮೇಲೆ ಅಂಥ ಕಾರುಗಳಿಗೂ ದಾರಿಯಾಗಿದೆ. ಮೊಳೆ ಒಳಗೇ ಇದ್ದು ಗಾಳಿ ನಿಧಾನಕ್ಕೆ ಇಳಿಯುತ್ತಿದ್ದರೆ ಅದನ್ನು ಕೀಳದೆ, 33ಕ್ಕೆ ತುಂಬಿ, ಐದು ನಿಮಿಷ ಬಿಟ್ಟು ಮತ್ತೆ ಅಳೆದು, ಒತ್ತಡ ಇಳಿಯದೆ ನಿಂತಿದ್ದರೆ ಅಂಗಡಿವರೆಗೆ ಹೋಗಬಹುದು. ಗಾಳಿಯಿಲ್ಲದೆ ಆಗಲೇ ಓಡಿರುವ ಟೈರಿಗೆ ಮಾತ್ರ ಈ ಉಪಾಯ ಬೇಡ. ದಾರ ಕಡಿದ ಸೈಡ್‌ವಾಲ್ ಗಾಳಿ ತುಂಬುವಾಗಲೇ ಒಡೆಯಬಹುದು. ತುಂಬಲೇಬೇಕಾಗಿ ಬಂದರೆ ಸೈಡ್‌ವಾಲ್‌ಗೆ ಎದುರಾಗಿ ನಿಲ್ಲದೆ ಟ್ರೆಡ್‌ನ ಕಡೆ, ಉದ್ದನೆಯ ಪೈಪ್ ಹಿಡಿದು ದೂರ ನಿಂತಿರಬೇಕು. ಚಟಚಟ ಸದ್ದು ಕೇಳಿದರೆ ತಕ್ಷಣ ಗಾಳಿ ಕೊಡುವುದನ್ನು ನಿಲ್ಲಿಸಿ ಹಿಂದೆ ಸರಿಯಬೇಕು.

ರಸ್ತೆ ಬದಿಯ ಅಂಗಡಿಯಲ್ಲಿ ಟೈರ್ ಕಳಚುವ ಯಂತ್ರ ಇರುವುದಿಲ್ಲ, ಸ್ಟ್ರಿಪ್ ಹಾಕಿ ಕಳಿಸುವುದು ಅವರಿಗೆ ಅನಿವಾರ್ಯ. ಹಾಗೆ ಬಂದರೆ ಆ ಟೈರನ್ನು ಸ್ಟೆಪ್ನಿಯ ಜಾಗಕ್ಕೆ ಹಾಕಿಕೊಂಡು ಊರಿಗೆ ಹೋಗಿ, ಮೊದಲು ಸಿಗುವ ಯಂತ್ರವಿರುವ ಅಂಗಡಿಯಲ್ಲಿ ಕಳಚಿಸಿ ನೋಡಬೇಕು. ಕೇಳಬೇಕಾದ ಮಾತು ಒಂದೇ: "ಇದು ಗಾಳಿಯಿಲ್ಲದೆ ಓಡಿದೆ, ಒಳಗೆ ಪುಡಿ ಇದೆಯಾ ನೋಡಿ, ಒಳ ಅಂಚಿನ ಬೆಂಡ್ ನೋಡಿ." ಪುಡಿ ಇಲ್ಲ, ಪಟ್ಟಿ ಇಲ್ಲ, ರಿಮ್ ನೆಟ್ಟಗಿದೆ ಎಂದಾದರೆ ಮಶ್ರೂಮ್ ಪ್ಯಾಚ್ ಹಾಕಿಸಿ ನೆಮ್ಮದಿಯಾಗಿ ಓಡಿಸಬಹುದು. ಕೂಡಲೇ ನಿಲ್ಲಿಸಿದ ಟೈರುಗಳು ಹೀಗೆ ಉಳಿಯುತ್ತವೆ.

ಈ ಕಾರಿಗೆ ಹೊಸ ಡಿಸ್ಕ್, ಹೊಸ ಟೈರು ಕೂರಿಸುವಾಗ ಬೀಡ್‌ಗೆ ಸೋಪಿನ ಲೇಪ ಹಚ್ಚಿ, ಬೀಡ್ ಕೂರಿಸಲು 40 ಪಿಎಸ್‌ಐ ಮೀರದೆ ಗಾಳಿ ಕೊಟ್ಟು, ಆಮೇಲೆ 33ಕ್ಕೆ ಇಳಿಸಿದರು. ಮಾರನೆಯ ಬೆಳಗ್ಗೆ ಟೈರು ತಣ್ಣಗಿರುವಾಗ ಅಳೆದಾಗ 33 ಹಾಗೇ ಇತ್ತು. ಹೊಸ ಡಿಸ್ಕ್ ಆದ್ದರಿಂದ ನೂರು ಕಿಲೋಮೀಟರ್ ಆಗುವುದರೊಳಗೆ ವೀಲ್ ನಟ್‌ಗಳನ್ನು ಮತ್ತೊಮ್ಮೆ ಎದುರುಬದುರಾಗಿ, ಕೈಪಿಡಿ ಹೇಳುವ ಬಿಗಿತಕ್ಕೆ ಟಾರ್ಕ್ ಪಾನದಿಂದ ಬಿಗಿಸಿಕೊಳ್ಳಲು ತಿಳಿಸಿ ಕಳಿಸಿದರು.